ಕೊನೆಯ ಕಂತಿಗೆ ಮುಂಚಿನ ಕಾಗದ

2025ರ ನವೆಂಬರ್ ಮೊದಲ ವಾರದಲ್ಲಿ ಹಾಸನದಿಂದ ಅಕ್ಕನ ಫೋನ್ ಬಂತು. ಭಾವನ ಹೆಸರಿನಲ್ಲಿದ್ದ ಠೇವಣಿ ಆ ತಿಂಗಳ 18ಕ್ಕೆ ಕೈಗೆ ಬರುವುದಿತ್ತು. ಅದರಲ್ಲಿ ಮನೆ ಸಾಲವನ್ನು ಪೂರ್ತಿ ತೀರಿಸಿಬಿಡುವುದು ಎಂದು ಇಬ್ಬರೂ ತೀರ್ಮಾನಿಸಿದ್ದರು. "ಆ್ಯಪ್‌ನಲ್ಲೇ ತೋರಿಸ್ತಿದೆ ಕಣೋ, ಬಾಕಿ 6,42,300 ರೂಪಾಯಿ ಅಂತ. ಅಷ್ಟನ್ನೂ ಅದೇ ಖಾತೆಗೆ ಹಾಕಿಬಿಟ್ರೆ ಮುಗೀತಲ್ಲ?" ಎಂದಳು. ನಾನು ಊರವರ ಆದಾಯ ತೆರಿಗೆ ಲೆಕ್ಕ ಬರೆದುಕೊಟ್ಟು ಬದುಕುವವನು. ಹೀಗೆ ಹಾಕಿಬಿಟ್ಟು ಆಮೇಲೆ ತಿಂಗಳುಗಟ್ಟಲೆ ಓಡಾಡಿದವರನ್ನು ಕಂಡಿದ್ದೇನೆ. "ಅಕ್ಕಾ, ಮೊದಲು ಒಂದು ಕಾಗದ ಬರೆಯೋಣ, ಆಮೇಲೆ ದುಡ್ಡು ಕಟ್ಟೋಣ" ಎಂದೆ.

ಆ್ಯಪ್ ತೋರಿಸುವ ಬಾಕಿ ಬರೀ ಅಸಲು. ಕೊನೆಯ ಕಂತು ಕಟ್ಟಿದ ದಿನದಿಂದ ಸಾಲ ತೀರಿಸುವ ದಿನದವರೆಗಿನ ಬಡ್ಡಿ ಅದರಲ್ಲಿ ಸೇರಿರುವುದಿಲ್ಲ. ಹಿಂದೆಂದೋ ಚೆಕ್ ಬೌನ್ಸ್ ಆಗಿದ್ದಕ್ಕೆ ಹಾಕಿದ ಶುಲ್ಕವೂ ಅಲ್ಲಿ ಕಾಣದು. ಅಕ್ಕನ ಕಂತು ಪ್ರತಿ ತಿಂಗಳು 5ನೇ ತಾರೀಕಿಗೆ ಹೋಗುತ್ತದೆ, ಬಡ್ಡಿ ದರ ಶೇ. 8.5. ಆರು ಲಕ್ಷ ನಲವತ್ತೆರಡು ಸಾವಿರದ ಮುನ್ನೂರಕ್ಕೆ ವರ್ಷದ ಬಡ್ಡಿ ಸುಮಾರು 54,596 ರೂಪಾಯಿ. ಅದನ್ನು 365ರಿಂದ ಭಾಗಿಸಿದರೆ ದಿನಕ್ಕೆ 149 ರೂಪಾಯಿ 58 ಪೈಸೆ. ನವೆಂಬರ್ 5ರಿಂದ 20ರವರೆಗೆ 15 ದಿನಕ್ಕೆ 2,244 ರೂಪಾಯಿ. ಅಕ್ಕ 20ನೇ ತಾರೀಕು ಆ್ಯಪ್ ನೋಡಿ 6,42,300 ಹಾಕಿದ್ದರೆ ಈ 2,244 ಬಾಕಿ ಉಳಿಯುತ್ತಿತ್ತು, ಸಾಲದ ಖಾತೆ ತೆರೆದೇ ಇರುತ್ತಿತ್ತು.

ಅಷ್ಟು ಸಣ್ಣ ಮೊತ್ತ ಉಳಿದರೇನಾಯಿತು ಎನ್ನಿಸಬಹುದು. ಆದರೆ ಮುಂಚೆ ತಿಳಿಸದೆ ಸಾಲದ ಖಾತೆಗೆ ದೊಡ್ಡ ಮೊತ್ತ ಬಿದ್ದರೆ ಕಂಪ್ಯೂಟರ್ ಅದನ್ನು ಸಾಮಾನ್ಯವಾಗಿ ಭಾಗಶಃ ಮುಂಗಡ ಪಾವತಿ ಎಂದೇ ಓದುತ್ತದೆ. ಸಾಲ ಮುಗಿಸುವುದಕ್ಕೆ ಬಂದ ಹಣ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಉಳಿದ ಚೂರು ಬಾಕಿಗೆ ಬಡ್ಡಿ ಬೆಳೆಯುತ್ತದೆ, ಮುಂದಿನ 5ಕ್ಕೆ ಮತ್ತೆ ಕಂತಿನ ಕೋರಿಕೆ ಉಳಿತಾಯ ಖಾತೆಗೆ ಬರುತ್ತದೆ. ಸಾಲ ಮುಗಿಯಿತೆಂದು ಆ ಖಾತೆಯನ್ನು ಖಾಲಿ ಮಾಡಿಟ್ಟಿದ್ದರೆ ಅದೂ ಬೌನ್ಸ್. ಹೀಗೆ ಕೆಲವು ನೂರು ರೂಪಾಯಿಯ ಬಾಕಿಗಾಗಿ ಸಿಬಿಲ್ ವರದಿಯಲ್ಲಿ ಕಂತು ತಪ್ಪಿದ ಗುರುತು ಬಿದ್ದವರೊಬ್ಬರು ನನ್ನ ಮೇಜಿನ ಮುಂದೆ ಕೂತು ಕಣ್ಣೀರು ಹಾಕಿದ್ದರು. ಹದಿನಾಲ್ಕು ವರ್ಷ ಒಂದು ಕಂತನ್ನೂ ತಪ್ಪಿಸದೆ ಕಟ್ಟಿದ ಮನುಷ್ಯ ಅವರು.

ಆದ್ದರಿಂದ ಮೊದಲು ಕೇಳಬೇಕಾದದ್ದು ಸಾಲ ಮುಕ್ತಾಯದ ಲೆಕ್ಕಪಟ್ಟಿ. ಸಾಲ ಸಂಸ್ಥೆಗಳವರು ಅದನ್ನು ಫೋರ್‌ಕ್ಲೋಷರ್ ಸ್ಟೇಟ್‌ಮೆಂಟ್ ಎನ್ನುತ್ತಾರೆ. ಅಮೆರಿಕದಲ್ಲಿ ಆ ಪದಕ್ಕೆ ಮನೆ ಜಪ್ತಿ ಎಂಬ ಅರ್ಥವಿದೆ, ಅಲ್ಲಿರುವ ಮಕ್ಕಳು ಅದನ್ನು ಕೇಳಿ ಗಾಬರಿಯಾಗುವುದುಂಟು. ನಮ್ಮಲ್ಲಿ ಅವಧಿಗೆ ಮುಂಚೆ ಸಾಲ ತೀರಿಸುವುದಕ್ಕೆ ಹಾಗೆನ್ನುತ್ತಾರೆ, ಅಷ್ಟೇ. ಈ ಪಟ್ಟಿಯಲ್ಲಿ ಇಂಥ ತಾರೀಕಿಗೆ ಇಷ್ಟು ಕಟ್ಟಿದರೆ ಖಾತೆ ಪೂರ್ತಿ ಮುಗಿಯುತ್ತದೆ ಎಂಬ ಒಂದು ಮೊತ್ತ ಇರಬೇಕು, ಅದು ಹೇಗೆ ಬಂತು ಎಂಬ ವಿವರವೂ ಇರಬೇಕು.

ಆ ಸಂಜೆ ಅಕ್ಕನ ಜೊತೆ ಫೋನಿನಲ್ಲೇ ಕೂತು ಬರೆದ ಕಾಗದ ಹೀಗಿತ್ತು. ಖಾತೆ ಸಂಖ್ಯೆ, ಹೆಸರು ಬಿಟ್ಟು ಉಳಿದದ್ದನ್ನು ಇದ್ದ ಹಾಗೇ ಕೊಡುತ್ತೇನೆ.

"ದಿನಾಂಕ: 6 ನವೆಂಬರ್ 2025
ಶಾಖಾ ವ್ಯವಸ್ಥಾಪಕರಿಗೆ,

ವಿಷಯ: ಗೃಹಸಾಲ ಖಾತೆ ಸಂಖ್ಯೆ ........ ಅನ್ನು 20-11-2025ರಂದು ಪೂರ್ತಿ ತೀರಿಸುವ ಬಗ್ಗೆ. ಮುಕ್ತಾಯದ ಲೆಕ್ಕಪಟ್ಟಿ ಮತ್ತು ಬಡ್ಡಿ ಪ್ರಮಾಣಪತ್ರಕ್ಕಾಗಿ ಕೋರಿಕೆ.

ಮಾನ್ಯರೇ,

ಮೇಲಿನ ಸಾಲವನ್ನು ನಾವಿಬ್ಬರೂ ಜಂಟಿಯಾಗಿ ಪಡೆದಿದ್ದೇವೆ. ನವೆಂಬರ್ 5ರ ಕಂತು ಪಾವತಿಯಾಗಿದೆ. ಉಳಿದ ಸಾಲವನ್ನು ನಮ್ಮ ಸ್ವಂತ ಉಳಿತಾಯದ ಹಣದಿಂದ 20-11-2025ರಂದು ಆರ್‌ಟಿಜಿಎಸ್ ಮೂಲಕ ಒಂದೇ ಬಾರಿಗೆ ತೀರಿಸಲು ಬಯಸಿದ್ದೇವೆ.

ಆ ದಿನಾಂಕಕ್ಕೆ ಅನ್ವಯವಾಗುವ ಮುಕ್ತಾಯದ ಲೆಕ್ಕಪಟ್ಟಿಯನ್ನು ದಯವಿಟ್ಟು ಬರಹದಲ್ಲಿ ಕೊಡಿ. ಅದರಲ್ಲಿ ಬಾಕಿ ಅಸಲು, ಯಾವ ದಿನದಿಂದ ಯಾವ ದಿನದವರೆಗೆ ಯಾವ ದರದಲ್ಲಿ ಬಡ್ಡಿ ಎಂಬ ವಿವರ, ಇತರೆ ಶುಲ್ಕಗಳಿದ್ದರೆ ಪ್ರತಿಯೊಂದರ ಕಾರಣ ಮತ್ತು ದಿನಾಂಕ, ಪಾವತಿ ಒಂದೆರಡು ದಿನ ತಡವಾದರೆ ದಿನಕ್ಕೆ ಸೇರುವ ಬಡ್ಡಿ, ಹಣ ಜಮಾ ಮಾಡಬೇಕಾದ ಖಾತೆಯ ಸಂಖ್ಯೆ ಇರಲಿ.

2025ರ ಏಪ್ರಿಲ್ 1ರಿಂದ ಈವರೆಗೆ ಪಾವತಿಯಾದ ಅಸಲು ಮತ್ತು ಬಡ್ಡಿಯ ಪ್ರಮಾಣಪತ್ರವನ್ನು ಈಗಲೇ ಕೊಡಿ. ಸಾಲ ಮುಗಿದ ಮೇಲೆ, ಮುಕ್ತಾಯದ ದಿನದವರೆಗಿನ ಅಂತಿಮ ಪ್ರಮಾಣಪತ್ರವನ್ನು ಇಬ್ಬರ ಹೆಸರಿನಲ್ಲೂ ಕೊಡಿ. ಹಿಂದಿನ ಎಲ್ಲ ವರ್ಷಗಳ ಪ್ರಮಾಣಪತ್ರಗಳು ಮತ್ತು ಸಾಲದ ಆರಂಭದಿಂದ ಇಂದಿನವರೆಗಿನ ಖಾತೆ ವಿವರವನ್ನೂ ಕೊಡಬೇಕಾಗಿ ಕೋರುತ್ತೇವೆ.

ನಿಮ್ಮಲ್ಲಿ ಇಟ್ಟಿರುವ ನಮ್ಮ ಆಸ್ತಿಯ ಮೂಲ ದಾಖಲೆಗಳ ಪಟ್ಟಿ, ಅವು ಈಗ ಯಾವ ಕಚೇರಿಯಲ್ಲಿವೆ ಎಂಬ ಮಾಹಿತಿ ಬೇಕಾಗಿದೆ. ಅವನ್ನು ಹಾಸನ ಶಾಖೆಯಲ್ಲೇ ಪಡೆಯಲು ಬಯಸುತ್ತೇವೆ. ಭದ್ರತೆಗಾಗಿ ನಾವು ಕೊಟ್ಟಿರುವ ಚೆಕ್‌ಗಳನ್ನು ಹಿಂದಿರುಗಿಸಿ, ಮುಕ್ತಾಯದ ನಂತರ ಕಂತಿನ ಸ್ವಯಂಪಾವತಿ ಆದೇಶವನ್ನು ರದ್ದುಮಾಡಿ.

ಇಂತಿ,"

ಕೆಳಗೆ ಇಬ್ಬರ ಸಹಿ. ಸಾಲ ಜಂಟಿಯಾಗಿದ್ದರೆ ಇಬ್ಬರೂ ಸಹಿ ಹಾಕಲೇಬೇಕು, ಇಲ್ಲದಿದ್ದರೆ ಕಾಗದ ಅಲ್ಲಿಂದಲೇ ವಾಪಸ್ ಬರುತ್ತದೆ. ಇಂಥ ಕಾಗದ ಇಂಗ್ಲಿಷಿನಲ್ಲೇ ಇರಬೇಕೆಂದು ಬಹಳ ಜನ ತಿಳಿದು ಯಾರಿಂದಲೋ ಬರೆಸುತ್ತಾರೆ. ಅಗತ್ಯವಿಲ್ಲ. ಗೃಹಸಾಲ ಸಂಸ್ಥೆಗಳು ಸಾಲಗಾರರಿಗೆ ಅವರ ನಾಡಿನ ಭಾಷೆಯಲ್ಲಿ ಅಥವಾ ಅವರಿಗೆ ಅರ್ಥವಾಗುವ ಭಾಷೆಯಲ್ಲೇ ಎಲ್ಲವನ್ನೂ ತಿಳಿಸಬೇಕು ಎಂಬುದು ರಿಸರ್ವ್ ಬ್ಯಾಂಕಿನ ನ್ಯಾಯಸಮ್ಮತ ನಡವಳಿಕೆಯ ಸಂಹಿತೆಯಲ್ಲೇ ಇದೆ. ಕಾಗದದ ಎರಡು ಪ್ರತಿ ಒಯ್ದು, ಒಂದರ ಮೇಲೆ ತಾರೀಕಿನೊಂದಿಗೆ ಶಾಖೆಯ ಸೀಲು ಹಾಕಿಸಿಕೊಂಡು ಬಾ ಎಂದು ಅಕ್ಕನಿಗೆ ಹೇಳಿದೆ. ಅದೇ ಕಾಗದವನ್ನು ಇಮೇಲ್‌ನಲ್ಲೂ ಕಳಿಸಿದೆವು. ಕೌಂಟರಿನಲ್ಲಿದ್ದ ಹುಡುಗ, "ಮೇಡಂ, ಬಾಯಲ್ಲೇ ಹೇಳಿದ್ರೆ ಸಾಕಿತ್ತು" ಅಂದನಂತೆ. ಅಕ್ಕ ಸೀಲು ಹಾಕಿಸಿಕೊಂಡೇ ಬಂದಳು.

20ನೇ ತಾರೀಕನ್ನೇ ಆರಿಸಿದ್ದಕ್ಕೂ ಕಾರಣವಿದೆ. ಕಂತಿನ ಕೋರಿಕೆಗಳ ಕಡತ ಆ ತಾರೀಕಿಗೆ ಕೆಲವು ದಿನ ಮುಂಚೆಯೇ ನಮ್ಮ ಬ್ಯಾಂಕಿಗೆ ಹೊರಟಿರುತ್ತದೆ. ತಿಂಗಳ 2ಕ್ಕೋ 3ಕ್ಕೋ ಸಾಲ ಮುಗಿಸಿದರೆ 5ರ ಕಂತೂ ಹೋಗುವ ಸಂಭವ ಹೆಚ್ಚು, ಆಮೇಲೆ ಆ ಹಣ ವಾಪಸ್ ಪಡೆಯಲು ಇನ್ನೊಂದು ಸುತ್ತು ಅಲೆಯಬೇಕು. ಕಂತು ಹೋಗಿ ಒಂದೆರಡು ವಾರದ ನಂತರದ ದಿನವೇ ಒಳ್ಳೆಯದು. ಚೆಕ್ ಕೊಟ್ಟರೆ ಅದು ಜಮಾ ಆಗುವ ದಿನದವರೆಗೂ ಬಡ್ಡಿ ನಡೆಯುತ್ತದೆ ಎಂದೇ ಆರ್‌ಟಿಜಿಎಸ್ ಎಂದು ಬರೆದದ್ದು.

ಲೆಕ್ಕಪಟ್ಟಿ 12ನೇ ತಾರೀಕು ಬಂತು. ಅಕ್ಕ ವಾಟ್ಸ್‌ಆ್ಯಪ್‌ನಲ್ಲಿ ಅದರ ಚಿತ್ರ ಕಳಿಸಿ, "ಇದೇನೋ ಇಷ್ಟೊಂದು?" ಎಂದು ಕೇಳಿದಳು. ಒಟ್ಟು 6,62,598 ರೂಪಾಯಿ. ನಾವು ಹಾಕಿಟ್ಟುಕೊಂಡಿದ್ದ ಲೆಕ್ಕಕ್ಕಿಂತ ಹದಿನೆಂಟು ಸಾವಿರ ಹೆಚ್ಚು. ವಿವರ ಬರಹದಲ್ಲಿ ಕೇಳಿದ್ದರಿಂದ ಎಲ್ಲಿ ಹೆಚ್ಚಾಗಿದೆ ಎಂದು ಸಾಲು ಸಾಲಾಗಿ ಕಾಣುತ್ತಿತ್ತು. ಅಸಲು ಸರಿಯಾಗಿಯೇ ಇತ್ತು. ಬಡ್ಡಿ 4,550 ಎಂದಿತ್ತು. ಮುಂಗಡ ಮುಕ್ತಾಯದ ಶುಲ್ಕ ಶೇ. 2ರಂತೆ 12,846, ಅದರ ಮೇಲೆ ಶೇ. 18 ಜಿಎಸ್‌ಟಿ 2,312. ಕೊನೆಯಲ್ಲಿ 2021ರ ಒಂದು ಕಂತು ಬೌನ್ಸ್ ಆಗಿದ್ದಕ್ಕೆ ಜಿಎಸ್‌ಟಿ ಸೇರಿ 590.

ಬೌನ್ಸ್ ಶುಲ್ಕ ನಿಜವೇ. ಆ ತಿಂಗಳು ಸಂಬಳ ತಡವಾಗಿತ್ತು ಎಂದು ಅಕ್ಕನಿಗೇ ನೆನಪಾಯಿತು. ಅದನ್ನು ಕಟ್ಟಬೇಕು, ಕಟ್ಟಿದೆವು.

ಬಡ್ಡಿಯ ಮಾತು ಬೇರೆ. 6,42,300ಕ್ಕೆ ಒಂದು ಪೂರ್ತಿ ತಿಂಗಳ ಬಡ್ಡಿಯೇ 4,550. ಅಂದರೆ 15 ದಿನ ಇಟ್ಟುಕೊಂಡ ಹಣಕ್ಕೆ ತಿಂಗಳ ಬಡ್ಡಿ ಹಾಕಿದ್ದರು. ಇದು ಕಣ್ತಪ್ಪಾಗಿರಬಹುದು, ಆದರೆ ಅಪರೂಪದ್ದಲ್ಲ. ತಿಂಗಳ ನಡುವೆ ಸಾಲ ಕೊಟ್ಟಾಗಲೂ ತೀರಿಸಿಕೊಂಡಾಗಲೂ ಕೆಲವು ಸಂಸ್ಥೆಗಳು ಇಡೀ ತಿಂಗಳ ಬಡ್ಡಿ ವಸೂಲು ಮಾಡುತ್ತಿರುವುದು ತನ್ನ ತಪಾಸಣೆಯಲ್ಲಿ ಕಂಡುಬಂದಿದೆ ಎಂದು ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್ 29ರ ಸುತ್ತೋಲೆಯಲ್ಲಿ ಬರೆದಿತ್ತು. ಸಾಲ ಎಷ್ಟು ದಿನ ಬಾಕಿ ಇತ್ತೋ ಅಷ್ಟು ದಿನಕ್ಕೆ ಮಾತ್ರ ಬಡ್ಡಿ ಎಂಬುದು ಅದರ ನಿಲುವು. ಪಟ್ಟಿ ಕೈಗೆ ಬಂದ ಕೂಡಲೇ ಯಾರಾದರೂ ಮಾಡಬಹುದಾದ ಪರೀಕ್ಷೆ ಇದು: ಅಸಲನ್ನು ದರದಿಂದ ಗುಣಿಸಿ 100ರಿಂದ ಭಾಗಿಸಿ, ಬಂದದ್ದನ್ನು 365ರಿಂದ ಭಾಗಿಸಿ, ದಿನಗಳಿಂದ ಗುಣಿಸಿ. ಒಂದೆರಡು ರೂಪಾಯಿ ಹೆಚ್ಚುಕಡಿಮೆ ಬಂದರೆ ಬಿಡಬಹುದು, ಎರಡರಷ್ಟು ಬಂದರೆ ಕೇಳಬೇಕು.

ಇನ್ನು ಮುಂಗಡ ಮುಕ್ತಾಯದ ಶುಲ್ಕ. ಬಡ್ಡಿ ದರ ಬದಲಾಗುತ್ತಾ ಹೋಗುವ ಗೃಹಸಾಲ, ಅಂದರೆ ಫ್ಲೋಟಿಂಗ್ ದರದ ಸಾಲ, ವ್ಯಕ್ತಿಗಳ ಹೆಸರಿನಲ್ಲಿದ್ದರೆ ಅದನ್ನು ಬೇಗ ತೀರಿಸಿದ್ದಕ್ಕೆ ಶುಲ್ಕ ಹಾಕಬಾರದು ಎಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಬ್ಯಾಂಕುಗಳಿಗೆ ಆದೇಶಿಸಿತು. ಗೃಹಸಾಲ ಸಂಸ್ಥೆಗಳಿಗೂ ಇಂಥದ್ದೇ ನಿಯಮವಿದೆ. ಹಾಗಾದರೆ ಅಕ್ಕನ ಪಟ್ಟಿಯಲ್ಲಿ ಶೇ. 2 ಎಲ್ಲಿಂದ ಬಂತು? ಸಾಲದ ಕರಾರು ತೆಗೆಸಿ ಓದಿದಾಗ ಗೊತ್ತಾಯಿತು. ಮೊದಲ ಎರಡು ವರ್ಷ ಬಡ್ಡಿ ಸ್ಥಿರ, ಆಮೇಲೆ ಫ್ಲೋಟಿಂಗ್ ಎಂಬ ಯೋಜನೆಯಲ್ಲಿ ಅವರು ಸಾಲ ತೆಗೆದಿದ್ದರು. ಎರಡು ವರ್ಷ ಎಂದೋ ಮುಗಿದಿತ್ತು, ದರ ಹಲವು ಬಾರಿ ಬದಲಾಗಿಯೂ ಇತ್ತು. ಆದರೆ ಕಂಪ್ಯೂಟರಿನಲ್ಲಿ ಸಾಲದ ಬಗೆ ಎಂಬಲ್ಲಿ ಸ್ಥಿರ ಬಡ್ಡಿ ಎಂದೇ ಉಳಿದುಕೊಂಡಿತ್ತು. ಇಂಥ ಎರಡು ಬಗೆ ಸೇರಿದ ಸಾಲಗಳಲ್ಲಿ, ತೀರಿಸುವ ಹೊತ್ತಿಗೆ ಸಾಲ ಯಾವ ದರದಲ್ಲಿದೆ ಎಂಬುದೇ ಲೆಕ್ಕಕ್ಕೆ ಬರುತ್ತದೆ. ಒಂದು ವೇಳೆ ಸ್ಥಿರ ದರದಲ್ಲೇ ಇದ್ದಿದ್ದರೂ, ಗೃಹಸಾಲ ಸಂಸ್ಥೆಯೊಂದರ ಮನೆ ಸಾಲವನ್ನು ಸ್ವಂತ ಹಣದಿಂದ ತೀರಿಸುವ ವ್ಯಕ್ತಿಗೆ ಶುಲ್ಕವಿಲ್ಲ. ಬೇರೆ ಬ್ಯಾಂಕಿನಿಂದ ಸಾಲ ತಂದು ತೀರಿಸಿದರೆ ಮಾತ್ರ ಆ ವಿನಾಯಿತಿ ಸಿಗದು. ಕಾಗದದಲ್ಲಿ 'ಸ್ವಂತ ಉಳಿತಾಯದ ಹಣದಿಂದ' ಎಂದು ಬರೆದದ್ದು ಅದಕ್ಕಾಗಿಯೇ.

13ರಂದು ಎರಡನೇ ಕಾಗದ ಹೋಯಿತು. ಅದರಲ್ಲಿ ಕೋಪದ ಮಾತು ಒಂದೂ ಇರಲಿಲ್ಲ. ಬಡ್ಡಿಯ ಲೆಕ್ಕವನ್ನು ಮೂರು ಸಾಲಿನಲ್ಲಿ ಬಿಡಿಸಿಟ್ಟು, ಕರಾರಿನ ಪುಟ ಸಂಖ್ಯೆ ಕೊಟ್ಟು, ದರ ಬದಲಾದಾಗ ಅವರೇ ಕಳಿಸಿದ್ದ ಪತ್ರಗಳ ಪ್ರತಿ ಲಗತ್ತಿಸಿದ್ದೆವು. 17ಕ್ಕೆ ತಿದ್ದಿದ ಪಟ್ಟಿ ಬಂತು: 6,45,134 ರೂಪಾಯಿ. ವ್ಯತ್ಯಾಸ 17,464. ಹಣ ಕಟ್ಟಿದ ಮೇಲೆ ಇದನ್ನೇ ಕೇಳಿದ್ದರೆ ಅದು ಮರುಪಾವತಿಯ ಅರ್ಜಿಯಾಗಿ ಯಾವುದೋ ದೂರದ ಕಚೇರಿಗೆ ಹೋಗುತ್ತಿತ್ತು. ಹಣ ಇನ್ನೂ ನಮ್ಮ ಕೈಯಲ್ಲಿದ್ದುದರಿಂದ ಶಾಖೆಯಲ್ಲೇ ನಾಲ್ಕು ದಿನದಲ್ಲಿ ಬಗೆಹರಿಯಿತು.

ಬಡ್ಡಿ ಪ್ರಮಾಣಪತ್ರವನ್ನು ಜನ ಸಾಮಾನ್ಯವಾಗಿ ಮರೆಯುತ್ತಾರೆ, ತೆರಿಗೆ ಲೆಕ್ಕ ಕೊಡುವಾಗಲಷ್ಟೇ ನೆನಪಾಗುತ್ತದೆ. ಅಷ್ಟು ಹೊತ್ತಿಗೆ ಸಾಲದ ಖಾತೆ ಮುಚ್ಚಿ, ಆ್ಯಪ್‌ನಿಂದಲೂ ಅದು ಮಾಯವಾಗಿರಬಹುದು. ಅಕ್ಕನ ಹತ್ತಿರ ಒಂದು ಪ್ರಮಾಣಪತ್ರ ಮೊದಲೇ ಇತ್ತು, ಏಪ್ರಿಲ್‌ನಲ್ಲಿ ಇಳಿಸಿಕೊಂಡಿದ್ದು. ಅದನ್ನೇ ಶಾಲೆಯ ಕಚೇರಿಗೆ ಕೊಡುತ್ತೇನೆ ಎಂದಳು. ಬೇಡ ಎಂದೆ. ಏಪ್ರಿಲ್‌ನಲ್ಲಿ ಸಿಗುವುದು ತಾತ್ಕಾಲಿಕ ಪ್ರಮಾಣಪತ್ರ. ಹನ್ನೆರಡು ಕಂತೂ ಸರಿಯಾಗಿ ಹೋಗುತ್ತವೆ ಎಂದು ಊಹಿಸಿ ಮಾಡಿದ ಲೆಕ್ಕ ಅದು. 18,400 ರೂಪಾಯಿಯ ಕಂತಿಗೆ ಅದರಲ್ಲಿ ವರ್ಷದ ಬಡ್ಡಿ 57,454 ಎಂದಿತ್ತು. ನಿಜಕ್ಕೂ ಏಪ್ರಿಲ್‌ನಿಂದ ನವೆಂಬರ್‌ವರೆಗಿನ ಎಂಟು ಕಂತುಗಳಲ್ಲಿ ಹೋದ ಬಡ್ಡಿ 39,847. ಅದಕ್ಕೆ ಕೊನೆಯ 15 ದಿನದ 2,244 ಸೇರಿಸಿದರೆ 42,091. ಹಳೆಯ ಕಾಗದವನ್ನೇ ಕೊಟ್ಟಿದ್ದರೆ, ಕಟ್ಟದೇ ಇದ್ದ 15,363 ರೂಪಾಯಿ ಬಡ್ಡಿಗೆ ತೆರಿಗೆ ವಿನಾಯಿತಿ ಪಡೆದಂತಾಗುತ್ತಿತ್ತು. ಹಳೆಯ ತೆರಿಗೆ ಪದ್ಧತಿಯಲ್ಲಿರುವವರು ಸ್ವಂತ ವಾಸದ ಮನೆಯ ಸಾಲಕ್ಕೆ ವರ್ಷಕ್ಕೆ 2 ಲಕ್ಷದವರೆಗಿನ ಬಡ್ಡಿಯನ್ನು ಕಳೆಯಬಹುದು. ಹೊಸ ಪದ್ಧತಿ ಆಯ್ದುಕೊಂಡವರಿಗೆ ಅದಿಲ್ಲ. ಅಕ್ಕ ಇನ್ನೂ ಹಳೆಯದರಲ್ಲೇ ಇದ್ದಾಳೆ.

ಅಸಲಿನ ಕಡೆಯಲ್ಲಿ ಇನ್ನೊಂದನ್ನು ನೋಡಬೇಕು. ಕೊನೆಗೆ ಒಟ್ಟಾಗಿ ಕಟ್ಟಿದ 6,42,300 ಸಹ ಅಸಲಿನ ಪಾವತಿಯೇ. ಅಂತಿಮ ಪ್ರಮಾಣಪತ್ರದಲ್ಲಿ ಎಂಟು ಕಂತಿನ ಅಸಲು 1,07,353 ಮತ್ತು ಇದು ಸೇರಿ 7,49,653 ಎಂದು ಬರಬೇಕು. 80ಸಿ ಅಡಿಯಲ್ಲಿ ಒಬ್ಬರಿಗೆ ಸಿಗುವುದು ಒಂದೂವರೆ ಲಕ್ಷದವರೆಗೆ ಮಾತ್ರ. ಆದರೆ ಕಂತುಗಳ ಅಸಲಷ್ಟನ್ನೇ ತೋರಿಸಿ ಮುಂಗಡ ಪಾವತಿಯನ್ನು ಬಿಟ್ಟರೆ, ಆ ಮಿತಿಯನ್ನೂ ಮುಟ್ಟದೆ ಅಕ್ಕನಿಗೆ ನಷ್ಟವಾಗುತ್ತಿತ್ತು. ಮನೆಯೂ ಸಾಲವೂ ಇಬ್ಬರ ಹೆಸರಿನಲ್ಲಿದ್ದು ಇಬ್ಬರೂ ಕಂತು ಕಟ್ಟಿದ್ದರೆ, ತಮ್ಮ ತಮ್ಮ ಪಾಲಿನಷ್ಟನ್ನು ಇಬ್ಬರೂ ಪಡೆಯಬಹುದು. ಪ್ರಮಾಣಪತ್ರದಲ್ಲಿ ಭಾವನ ಹೆಸರಿಲ್ಲದಿದ್ದರೆ ಅವರು ತಮ್ಮ ಪಾಲಿಗೆ ಏನು ತೋರಿಸುವುದು?

20ರ ಬೆಳಿಗ್ಗೆ ಭಾವ ಆರ್‌ಟಿಜಿಎಸ್ ಮಾಡಿದರು. ಪಟ್ಟಿಯಲ್ಲಿದ್ದ ಮೊತ್ತ, ಪೈಸೆಯೂ ಹೆಚ್ಚುಕಡಿಮೆಯಿಲ್ಲದೆ. ಅದರ ಯುಟಿಆರ್ ಸಂಖ್ಯೆಯನ್ನು ಅದೇ ದಿನ ಶಾಖೆಗೆ ಬರೆದು ತಿಳಿಸಿದೆವು, ಏಕೆಂದರೆ ಅಲ್ಲಿಂದಾಚೆಗೆ ಇನ್ನೊಂದು ಗಡಿಯಾರ ಶುರುವಾಗುತ್ತದೆ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಎಲ್ಲ ಮೂಲ ದಾಖಲೆಗಳನ್ನೂ ಕೊಟ್ಟು, ನೋಂದಣಿಯಲ್ಲಿರುವ ಅಡಮಾನವನ್ನು ತೆಗೆಸಬೇಕು. ಸಂಸ್ಥೆಯ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಸಾಲಗಾರರಿಗೆ ಪರಿಹಾರ ಕೊಡಬೇಕು. ಇದು 2023ರ ಸೆಪ್ಟೆಂಬರ್ 13ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಆದೇಶ, ಆ ವರ್ಷದ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ದಾಖಲೆ ಕಳೆದುಹೋಗಿದ್ದರೆ ನಕಲು ಪ್ರತಿ ಮಾಡಿಸಲು ಅವರೇ ನೆರವಾಗಿ ಖರ್ಚನ್ನೂ ಹೊರಬೇಕು. ಅದಕ್ಕೆ ಇನ್ನೂ 30 ದಿನ ಸಿಗುತ್ತದೆ. ದಾಖಲೆಗಳ ಪಟ್ಟಿಯನ್ನು ಮೊದಲೇ ಕೇಳಿದ್ದರಿಂದ ಕಡತ ಬೆಂಗಳೂರಿನ ಉಗ್ರಾಣದಲ್ಲಿದೆ ಎಂದು ನವೆಂಬರ್‌ನಲ್ಲೇ ಗೊತ್ತಾಗಿತ್ತು. ಶಾಖೆಯವರು ಮುಂಚಿತವಾಗಿ ಅದನ್ನು ತರಿಸಲು ಬರೆದಿದ್ದರು.

ಇಷ್ಟಾದರೂ ಉತ್ತರವೇ ಬಾರದಿದ್ದರೆ? ಮೊದಲು ಅದೇ ಸಂಸ್ಥೆಯ ದೂರು ಅಧಿಕಾರಿಗೆ ಬರೆಯಬೇಕು, ಸೀಲು ಬಿದ್ದ ಪ್ರತಿ ಅಲ್ಲಿ ಕೆಲಸಕ್ಕೆ ಬರುತ್ತದೆ. 30 ದಿನ ಕಾದರೂ ಪರಿಹಾರ ಸಿಗದಿದ್ದರೆ, ಸಾಲ ಬ್ಯಾಂಕಿನದಾದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ cms.rbi.org.in ಮೂಲಕ ದೂರು ಕೊಡಬಹುದು. ಗೃಹಸಾಲ ಸಂಸ್ಥೆಯದಾದರೆ ದಾರಿ ಬೇರೆ, ದೂರು ರಾಷ್ಟ್ರೀಯ ವಸತಿ ಬ್ಯಾಂಕಿಗೆ ಹೋಗಬೇಕು. ಇದು ತಿಳಿಯದೆ ತಪ್ಪು ಬಾಗಿಲು ತಟ್ಟಿ ತಿಂಗಳು ಕಳೆದವರಿದ್ದಾರೆ.

ಡಿಸೆಂಬರ್ 5ರಂದು ಅಕ್ಕ ಬೆಳಿಗ್ಗೆಯೇ ಉಳಿತಾಯ ಖಾತೆ ನೋಡಿದಳು. ಕಂತು ಹೋಗಿರಲಿಲ್ಲ. 15ಕ್ಕೆ ದಾಖಲೆಗಳು ಬಂದವು. ಪಟ್ಟಿ ಹಿಡಿದು ಒಂದೊಂದನ್ನೇ ಎಣಿಸಿಕೊಂಡು, ಕ್ರಯಪತ್ರದ ಪ್ರತಿ ಪುಟವನ್ನೂ ತಿರುವಿ ನೋಡಿ ಇಬ್ಬರೂ ಸಹಿ ಹಾಕಿದರು. ಅದೇ ವಾರ ಸಂಸ್ಥೆಯ ಪ್ರತಿನಿಧಿಯ ಜೊತೆ ಉಪನೋಂದಣಿ ಕಚೇರಿಗೆ ಹೋಗಿ ಅಡಮಾನದ ಬಿಡುಗಡೆ ಪತ್ರ ನೋಂದಾಯಿಸಿದ್ದಾಯಿತು. ಆಮೇಲೆ ಕಾವೇರಿ ತಂತ್ರಾಂಶದಲ್ಲಿ ಹೊಸ ಇ.ಸಿ. ತೆಗೆದ ಅಕ್ಕ ಮತ್ತೆ ಫೋನ್ ಮಾಡಿದಳು. "ಸಾಲದ ವಿಷಯ ಇನ್ನೂ ಇದೆಯಲ್ಲೋ ಇದರಲ್ಲಿ!" ಧ್ವನಿಯಲ್ಲಿ ಗಾಬರಿ. ಇ.ಸಿ.ಯಲ್ಲಿ ಹಳೆಯ ನಮೂದು ಅಳಿಯುವುದಿಲ್ಲ, ನಡೆದ ನೋಂದಣಿಗಳೆಲ್ಲ ಅಲ್ಲಿ ಇದ್ದೇ ಇರುತ್ತವೆ. "ಅದರ ಜೊತೆ ಡಿಸೆಂಬರ್ ತಾರೀಕಿನದು ಇನ್ನೊಂದು ಇದೆಯಾ ನೋಡಕ್ಕ" ಎಂದೆ. ಕಾಗದ ಸರಿಸಿದ ಸದ್ದು ಕೇಳಿತು. ಕನ್ನಡಕ ಹಾಕಿಕೊಂಡು ಓದಿದಳು: ಅಡಮಾನ ಬಿಡುಗಡೆ, ಇಬ್ಬರ ಹೆಸರೂ ಇದೆ.